ಬಾವಿಯ ಮೇಲಣ ನೀರು, ಬಾವಿಯ ತಳದ ನೀರು

ಯಲಬುರ್ಗಾ ಸೀಮೆಯಲ್ಲಿಯೂ ಮಂಗಳೂರೆಂಬುದೊಂದು ಊರಿದೆ. ನಾನು ಹುಟ್ಟಿ ಬೆಳೆದದ್ದು ಆ ಮಂಗಳೂರಿನಲ್ಲಿ. ಅಧ್ಯಾಪಕ ವೃತ್ತಿಯನ್ನು ಅರಸಿ ಬಂದು ನೆಲೆಸಿದ್ದು ಕಡಲ ತಡಿಯ ಈ ಮಂಗಳೂರಿನಲ್ಲಿ. ನಮ್ಮ ಕಡೆ ಕಪ್ಪುನೆಲದ ಬಾವಿಯ ನೀರನ್ನು ಸವುಳು ಎನ್ನುವರು. ಮಳೆ ಅಲ್ಪವಾಗಿ ಬಿಸಿಲು ಅಪಾರವಾದ ಆ ನಾಡಿನಲ್ಲಿ ಮಣ್ಣಿನ ಲವಣವನ್ನು ತೊಳೆದು ಒಯ್ಯುವಷ್ಟು ನೀರೇ ಹರಿಯದಾದ್ದರಿಂದ, ಅಲ್ಲಿಯ ಸವುಳು ವರ್ಷದುದ್ದಕ್ಕೂ ಬಾವಿಯ ಮೇಲಿನಿಂದ ತಳದವರೆಗೂ ಹೆಚ್ಚುಕಡಿಮೆ ಒಂದೇ ಸಮನಾಗಿ ತೋರುತ್ತದೆ. ಒಂದು ಗುಟುಕು ಕುಡಿದು ನೋಡಿದರೆ ಬಾವಿಯ ಗುಣವೆಲ್ಲ ತಿಳಿಯಿತೆಂದೇ ನಮ್ಮ ನಂಬಿಕೆ. ಆ ನಂಬಿಕೆಯನ್ನು ಹೊತ್ತುಕೊಂಡೇ ಕರಾವಳಿಗೆ ಬಂದೆನಾದ್ದರಿಂದ, ಇಲ್ಲಿಯ ಬಾವಿಗಳಲ್ಲಿ ನನ್ನ ಮೊದಲ ಪಾಠ ಒಂದು ಸಸಿಮಡಿಯ ನಷ್ಟದ ಮೂಲಕ ಬಂದಿತು.

ನಂದಿನಿ ಮತ್ತು ಶಾಂಭವೀ ನದಿಗಳು ಕಡಲನ್ನು ಸೇರುವ ಸಸಿಹಿತ್ಲಿನ ಆಸುಪಾಸಿನಲ್ಲಿ, ಒಂದು ಕಡೆ ಸಮುದ್ರವೂ ಇನ್ನೊಂದು ಕಡೆ ಭರತ ಇಳಿತಗಳಿಗೆ ಒಳಪಟ್ಟ ಹೊಳೆಯೂ ಇರುವ ಮರಳು ನೆಲದಲ್ಲಿ, ನನಗೆ ಪರಿಚಿತರಾದ ಒಬ್ಬ ವೃದ್ಧೆಯ ತೆಂಗಿನ ತೋಟವಿತ್ತು. ತೋಟದ ಅಂಚಿನಲ್ಲಿ ಬೈಲುಗದ್ದೆ. ಎರಡಕ್ಕೂ ಆರೂವರೆ ಮೀಟರ್ ಆಳದ ಒಂದೇ ಬಾವಿ. ಬೇಸಗೆಯಲ್ಲಿ ನೀರು ಉಪ್ಪಾಗುವುದೆಂದು ಅವರು ಹೇಳಿದಾಗ, ನಾನು ವಿದ್ಯುದ್ವಾಹಕತೆಯನ್ನು ಅಳೆಯುವ ಸಣ್ಣ ಮೀಟರೊಂದನ್ನು ಕೊಂಡುತಂದೆ. ನೀರಿನಲ್ಲಿ ಕರಗಿದ ಲವಣ ಹೆಚ್ಚಿದಷ್ಟೂ ಅದರ ಮೂಲಕ ವಿದ್ಯುತ್ತು ಸುಲಭವಾಗಿ ಹರಿಯುವುದು. ಮೈಕ್ರೊಸೀಮನ್ಸಿನ ಲೆಕ್ಕದಲ್ಲಿ, ಸೆಂಟಿಮೀಟರಿಗೆ, ಇಲ್ಲಿಯ ಮುರಕಲ್ಲು ನೆಲದ ಒಳ್ಳೆಯ ಬಾವಿನೀರು ನೂರು ಇನ್ನೂರರೊಳಗೆ ನಿಲ್ಲುವುದು. ಸಮುದ್ರದ ನೀರು 50,000ವನ್ನು ಮೀರುವುದು. ಇಷ್ಟು ದೊಡ್ಡ ಅಂತರವಿರುವುದರಿಂದ, ನೂರು ಪಾಲು ಸಿಹಿನೀರಿಗೆ ಕಡಲ ನೀರು ಒಂದೆರಡು ಪಾಲು ಬೆರೆತರೂ ಮೀಟರು ಕೂಡಲೆ ಹೇಳಿಬಿಡುತ್ತದೆ.

ಆ ವರ್ಷ ಜೂನ್ ತಿಂಗಳಲ್ಲಿ ಮಳೆ ಹಿಡಿದು ಎರಡು ವಾರ ಸುರಿದು, ಆಮೇಲೆ ನಾಲ್ಕಾರು ದಿನ ಬಿಡುವು ಕೊಟ್ಟಿತು. ಏಣಿಲಿನ ಸಸಿಮಡಿ ಬಾಡತೊಡಗಿತ್ತು. ಅವರು ಕೊಡಪಾನ ಇಳಿಸಿ ಸೇದಿಕೊಟ್ಟ ನೀರಿನಲ್ಲಿ ಮೀಟರಿಟ್ಟು ನೋಡಿದರೆ ಬರಿಯ 80. "ಧೈರ್ಯವಾಗಿ ಬಿಡಿ ಅಕ್ಕ, ಸಿಹಿಯಾಗಿದೆ" ಎಂದೆ. ಅವರು ಪಂಪು ಹಾಕಿದರು. ಮೂರನೆಯ ದಿನ ಸಸಿಗಳ ತುದಿ ಕಂದಿ, ವಾರದೊಳಗೆ ಮಡಿಯ ಅರ್ಧಭಾಗ ಸುಟ್ಟಂತಾಯಿತು. "ಮಾಷ್ಟ್ರೆ, ಕುಡಿಯಲಿಕ್ಕೆ ಸಿಹಿಯೇ ಉಂಟು, ಗದ್ದೆಗೆ ಯಾಕೆ ಉಪ್ಪಾಯಿತು?" ಎಂದು ಅವರು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ಬಾವಿಯಲ್ಲಿಯೇ ಇತ್ತು. ಉದ್ದವಾದ ತಂತಿಯುಳ್ಳ ಶೋಧಕವನ್ನು ತಂದು, ಅರ್ಧ ಮೀಟರಿಗೊಂದರಂತೆ ಬಣ್ಣದ ದಾರ ಕಟ್ಟಿ, ಮೆಲ್ಲನೆ ಇಳಿಸುತ್ತ ಪ್ರತಿ ಗುರುತಿನಲ್ಲಿಯೂ ಅಂಕಿ ಸ್ಥಿರವಾಗುವ ತನಕ ಕಾದು ಬರೆದುಕೊಂಡೆ. ಮೇಲೆ 80, ಎರಡು ಮೀಟರ್ ಕೆಳಗೆ 150, ಮೂರರ ಬಳಿ ಒಮ್ಮೆಲೆ 1,400, ತಳದಲ್ಲಿ 3,900. ಹಗುರವಾದ ಮಳೆನೀರು ಬೇಸಗೆಯ ಭಾರವಾದ ಉಪ್ಪುನೀರಿನ ಮೇಲೆ ಹಾಲಿನ ಮೇಲಣ ಕೆನೆಯಂತೆ ಬೆರೆಯದೆ ನಿಂತಿತ್ತು. ಕೊಡಪಾನ ಸೇದಿದ್ದು ಕೆನೆಯನ್ನು. ತಳದಿಂದ ಅರ್ಧ ಮೀಟರ್ ಮೇಲಿದ್ದ ಪಂಪಿನ ಫುಟ್‌ವಾಲ್ವ್ ಹೀರಿದ್ದು ತಳದ ಉಪ್ಪನ್ನು. ನೀರಾವರಿಗೆ ಬಳಸುವ ನೀರು 700ರ ಕೆಳಗಿದ್ದರೆ ನಿರಾತಂಕವೆಂದೂ 3,000ವನ್ನು ಮೀರಿದರೆ ತೀವ್ರ ಅಪಾಯವೆಂದೂ ಕೃಷಿಶಾಸ್ತ್ರದ ಅಂಗೀಕೃತ ಗಣನೆ. ಎಳೆಯ ಭತ್ತದ ಸಸಿಯಾದರೋ ಉಪ್ಪನ್ನು ತಾಳಲಾರದ ಜೀವ.

ಅಂದಿನಿಂದ ಒಂದು ವರ್ಷ ಆ ಬಾವಿಯನ್ನು ಋತುವಿನಿಂದ ಋತುವಿಗೆ ಅಳೆದೆ. ಅಕ್ಟೋಬರದಲ್ಲಿ ಐದು ಮೀಟರ್ ನೀರು ನಿಂತು, ಮೇಲೆ 110, ತಳದಲ್ಲಿ 140. ಮಳೆಗಾಲದ ಒತ್ತಡ ಉಪ್ಪನ್ನು ಪೂರ್ತಿ ಹೊರದೂಡಿತ್ತು. ಜನವರಿಯಲ್ಲಿ ಮೇಲೆ 170 ಇದ್ದರೂ ತಳ 460ಕ್ಕೆ ಏರಿತ್ತು. ಮಾರ್ಚ್ ನಡುವಿನಲ್ಲಿ ಮೇಲೆ 300, ತಳದಲ್ಲಿ 1,900. ಪತ್ತನಾಜೆಯ ಹೊತ್ತಿಗೆ ನೀರು ಮೂರು ಮೀಟರಿಗೆ ಕುಗ್ಗಿ, ಮೇಲೆಯೇ 1,100, ತಳದಲ್ಲಿ 5,600. ನಾಲಗೆಗೆ ಉಪ್ಪು ತಿಳಿದದ್ದು ಮೇ ತಿಂಗಳಲ್ಲಿ. ತಳಕ್ಕೆ ಇಳಿಸಿದ ತಂತಿಗೆ ಜನವರಿಯಲ್ಲಿಯೇ ತಿಳಿದಿತ್ತು. ಆ ನಾಲ್ಕು ತಿಂಗಳ ಮುನ್ಸೂಚನೆಯೇ ಈ ಅಳತೆಯ ಮುಖ್ಯ ಫಲ.

ಇದರ ಕಾರಣವನ್ನು ಘಿಬೆನ್ ಮತ್ತು ಹೆರ್ಜ್‌ಬರ್ಗ್ ಎಂಬ ಯೂರೋಪಿನ ಇಬ್ಬರು ಶೋಧಕರು ಶತಮಾನಕ್ಕೂ ಹಿಂದೆ ಬೇರೆ ಬೇರೆಯಾಗಿ ಕಂಡುಕೊಂಡಿದ್ದರು. ಕಡಲ ನೀರು ಸಿಹಿನೀರಿಗಿಂತ ನಲವತ್ತರಲ್ಲಿ ಒಂದು ಪಾಲಿನಷ್ಟು ಮಾತ್ರ ಭಾರವಾದುದರಿಂದ, ಸಮುದ್ರಮಟ್ಟಕ್ಕಿಂತ ಒಂದು ಗೇಣು ಎತ್ತರದಲ್ಲಿ ನಿಂತ ಸಿಹಿನೀರು ತನ್ನ ಕೆಳಗೆ ನಲವತ್ತು ಗೇಣು ಸಿಹಿನೀರನ್ನು ಹಿಡಿದಿಡಬಲ್ಲದು. ಅದೇ ನ್ಯಾಯದಿಂದ, ಮೇಲೆ ಒಂದು ಗೇಣು ಇಳಿದರೆ ಕೆಳಗಿನ ಉಪ್ಪು ಕಾಲಕ್ರಮದಲ್ಲಿ ನಲವತ್ತು ಗೇಣು ಏರಲು ಹವಣಿಸುವುದು. ಪಂಪು ಒಂದೇ ಸಮನೆ ಓಡಿದಾಗ ಅದರ ಕೆಳಗಣ ಉಪ್ಪು ಶಂಕುವಿನಾಕಾರದಲ್ಲಿ ಮೇಲಕ್ಕೆ ಸೆಳೆಯಲ್ಪಡುವುದಕ್ಕೂ ಇದೇ ಮೂಲ.

ಅಳೆಯುವ ಕ್ರಮದಲ್ಲಿ ನಾನು ತಪ್ಪಿ ಕಲಿತದ್ದು ಇಷ್ಟು. ಅಳತೆ ಬೆಳಗ್ಗೆ ಪಂಪು ಹಾಕುವುದಕ್ಕೆ ಮೊದಲೇ ಆಗಬೇಕು. ಪಂಪು ಓಡಿದ ಬಾವಿಯಲ್ಲಿ ಪದರಗಳು ಕಲಕಿ ಎಲ್ಲೆಡೆಯೂ ಒಂದೇ ಅಂಕಿ ಬರುವುದು. ಇಳಿಸುವಾಗಿನ ಅಂಕಿಯನ್ನು ಮಾತ್ರ ನಂಬಬೇಕು. ಎತ್ತುವಾಗ ತಂತಿಯೇ ನೀರನ್ನು ಕದಡಿರುತ್ತದೆ. ಉಷ್ಣತೆ ಒಂದು ಡಿಗ್ರಿ ಏರಿದರೆ ವಾಹಕತೆ ಸುಮಾರು ನೂರಕ್ಕೆ ಎರಡರಷ್ಟು ಏರುವುದರಿಂದ 25 ಡಿಗ್ರಿಗೆ ಸರಿಹೊಂದಿಸಿಯೇ ಬರೆಯಬೇಕು. ಪ್ರತಿಸಲವೂ 1,413ರ ಪ್ರಮಾಣದ್ರಾವಣದಲ್ಲಿ ಮೀಟರನ್ನು ಪರೀಕ್ಷಿಸಬೇಕು. ಶೋಧಕಕ್ಕೆ ಪಾಚಿ ಹತ್ತಿದರೆ ಅಂಕಿ ಸುಳ್ಳಾಗಿ ಇಳಿಯುವುದು. ಹೊಳೆಯ ಬದಿಯ ಬಾವಿಗಳಲ್ಲಿ ಭರತ ಇಳಿತದ ವೇಳೆಯನ್ನೂ ಗುರುತು ಹಾಕಿಕೊಳ್ಳದಿದ್ದರೆ ಎರಡು ತಿಂಗಳ ಅಂಕಿಗಳನ್ನು ಹೋಲಿಸಲಾಗದು.

ಆದರೂ ಮೀಟರು ಉಪ್ಪಿನ ಪ್ರಮಾಣವನ್ನು ಹೇಳುವುದೇ ಹೊರತು ಅದರ ಊರನ್ನು ಹೇಳದು. ಹತ್ತಿರದ ಇನ್ನೊಂದು ಬಾವಿಯಲ್ಲಿ ತಳಕ್ಕಿಂತ ಮೇಲೆಯೇ ಅಂಕಿ ಹೆಚ್ಚಿದ್ದುದನ್ನು ಕಂಡು ಬೆರಗಾದೆ. ವಿಚಾರಿಸಲಾಗಿ, ತೋಡಿನ ಕಟ್ಟ ಬಿರಿದು ಭರತದ ನೀರು ಗದ್ದೆಗೆ ಏರಿ ಕಟ್ಟೆಯ ಸಂದಿನಿಂದ ಬಾವಿಗೆ ಇಳಿದಿತ್ತು. ಅಲ್ಲಿ ಬೇಕಾಗಿದ್ದುದು ಕಟ್ಟದ ದುರಸ್ತಿ. ಮತ್ತೊಂದರಲ್ಲಿ ಮೇಲಿನಿಂದ ಕೆಳಗೆ ಒಂದೇ ಸಮನೆ 600; ಅದಕ್ಕೆ ಕಡಲು ಕಾರಣವಲ್ಲವೆಂಬುದು ಕ್ಲೋರೈಡಿನ ಪರೀಕ್ಷೆಯಲ್ಲಿ ಅದರ ಪಾಲು ಅತ್ಯಲ್ಪವೆಂದು ತಿಳಿದ ಮೇಲೆ ಸ್ಪಷ್ಟವಾಯಿತು; ಸಂಶಯ ಮಗ್ಗುಲ ಹಟ್ಟಿಯ ಗಂಜಲದ ಮೇಲೆ ಹೋಯಿತು. ಆದುದರಿಂದ ಸಂದೇಹವಿದ್ದಲ್ಲಿ ಸಿಲ್ವರ್ ನೈಟ್ರೇಟಿನಿಂದ ಕ್ಲೋರೈಡನ್ನು ಅಳೆಸುವುದು ಆವಶ್ಯಕ.

ಮರುವರ್ಷ ಅಕ್ಕನ ಪಂಪಿನ ಫುಟ್‌ವಾಲ್ವನ್ನು ತಳದಿಂದ ಎತ್ತಿ, ನೀರಿನ ಮೇಲ್ಮೈಯಿಂದ ಒಂದು ಮೀಟರ್ ಕೆಳಗೆ ನಿಲ್ಲುವಂತೆ ತೇಲುವ ಡಬ್ಬಿಗೆ ಕಟ್ಟಿದೆವು. ಎರಡು ಗಂಟೆಯ ಪಂಪನ್ನು ಅರ್ಧರ್ಧ ಗಂಟೆಯ ನಾಲ್ಕು ಸರದಿಗೆ ಹಂಚಿದೆವು. ಸಿಕ್ಕ ನೀರು ಕಡಿಮೆಯಾಯಿತು, ಏಪ್ರಿಲಿನ ನಂತರ ತೋಟದ ಒಂದು ಭಾಗವನ್ನು ಬಿಡಲೇಬೇಕಾಯಿತು. ಆದರೆ ಜೂನಿನ ಬಿಡುವಿನಲ್ಲಿ ಸಸಿಮಡಿಗೆ ಹೋದ ನೀರು 200ನ್ನು ದಾಟಲಿಲ್ಲ, ಸಸಿ ಉಳಿಯಿತು. ಕಡಲ ಬದಿಯಲ್ಲಿ ಬಾವಿಯುಳ್ಳ ಬೇಸಾಯಗಾರರಲ್ಲಿ ನನ್ನ ವಿಜ್ಞಾಪನೆ ಒಂದೇ: ಮೊದಲ ಮಳೆಯ ನಂತರ ಕೊಡಪಾನದ ಸಿಹಿಯನ್ನು ನಂಬಿ ಪಂಪು ಹಾಕಬೇಡಿ, ಫುಟ್‌ವಾಲ್ವ್ ಎಲ್ಲಿದೆಯೋ ಅಲ್ಲಿಯ ನೀರನ್ನು ಅಳೆದ ಮೇಲೆ ಹಾಕಿರಿ.