ಪಾಲುದಾರರ ಲೆಕ್ಕ

ರಾಯಚೂರು ಜಿಲ್ಲೆಯ ಎರಡು ಕಡೆಗಳಲ್ಲಿ ಎರಡು ಮಹಾನದಿಗಳು ಹರಿಯುತ್ತವೆ. ಕೃಷ್ಣೆಯ ದಿಕ್ಕಿಗೆ ದೇವದುರ್ಗ, ತುಂಗಭದ್ರೆಯ ದಿಕ್ಕಿಗೆ ಮಾನ್ವಿ. ದೇವದುರ್ಗದ ಎರೆಹೊಲಗಳ ಹತ್ತಿಯೂ ಮಾನ್ವಿಯ ಕಾಲುವೆ ಬಯಲಿನ ಭತ್ತವೂ ರಾಯಚೂರಿನ ರಾಜೇಂದ್ರ ಗಂಜ್ ಮಾರುಕಟ್ಟೆಗೆ ಬರುತ್ತವೆ. ಇಂತಹ ಮಾರುಕಟ್ಟೆಯಲ್ಲಿ ಇಬ್ಬರು ಕೂಡಿ ಹತ್ತಿಯ ದಲಾಲಿ ಅಂಗಡಿಯೊಂದನ್ನು ತೆರೆದರೆಂದು ಕಲ್ಪಿಸಿಕೊಳ್ಳೋಣ. ಒಬ್ಬರು ರಾಯಚೂರಿನವರು, ಅವರು ಹಾಕಿದ ಬಂಡವಾಳ 6,00,000 ರೂಪಾಯಿ. ಇನ್ನೊಬ್ಬರು ದೇವದುರ್ಗದವರು; ಅವರದು 4,00,000 ರೂಪಾಯಿ. ಆದರೆ ಹಳ್ಳಿಹಳ್ಳಿಗೆ ಹೋಗಿ ರೈತರನ್ನು ಕಂಡು ಮಾಲು ತರಿಸುವ ದುಡಿಮೆಯೆಲ್ಲ ದೇವದುರ್ಗದವರದು.

ಮೊದಲ ವರ್ಷದ ಕೊನೆಯಲ್ಲಿ 2,60,000 ರೂಪಾಯಿ ಲಾಭ ಬಂದಿತು. ಇದನ್ನು ಹಂಚುವುದು ಹೇಗೆ? "ಹಣ ಹೆಚ್ಚು ಹಾಕಿದವನು ನಾನು; ಬಂಡವಾಳದ ಪ್ರಮಾಣದಲ್ಲಿ ಹಂಚಬೇಕು" ಎಂದು ರಾಯಚೂರಿನವರು ಹೇಳಬಹುದು. "ಬಿಸಿಲಲ್ಲಿ ತಿರುಗಿದವನು ನಾನು, ನನ್ನ ದುಡಿಮೆಗೆ ಬೆಲೆಯಿಲ್ಲವೇ?" ಎಂದು ದೇವದುರ್ಗದವರು ಕೇಳಬಹುದು. ಇಬ್ಬರ ಮಾತಿನಲ್ಲಿಯೂ ನ್ಯಾಯವಿದೆ. ಆದುದರಿಂದಲೇ ಅಂಗಡಿ ತೆರೆಯುವ ಮುನ್ನ ಒಪ್ಪಂದಪತ್ರವನ್ನು ಬರೆದುಕೊಳ್ಳಬೇಕು.

ಒಪ್ಪಂದವೇ ಇಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಅಧಿನಿಯಮವು ಉತ್ತರವನ್ನು ಹೇಳುತ್ತದೆ. ಅದರ 13ನೆಯ ಪ್ರಕರಣದಂತೆ ಲಾಭನಷ್ಟಗಳು ಸಮಪಾಲು, ಬಂಡವಾಳಕ್ಕೆ ಬಡ್ಡಿಯಿಲ್ಲ, ದುಡಿದವರಿಗೆ ಸಂಬಳವೂ ಇಲ್ಲ. ಅಂದರೆ ಇಬ್ಬರಿಗೂ 1,30,000 ರೂಪಾಯಿಗಳಂತೆ ಸಲ್ಲುತ್ತದೆ. ಬಂಡವಾಳ ಹೆಚ್ಚಾಗಿದ್ದರೆ ಲಾಭದ ಪಾಲೂ ತಾನಾಗಿಯೇ ಹೆಚ್ಚುವುದೆಂದು ಭಾವಿಸುವುದು ಈ ಲೆಕ್ಕಗಳಲ್ಲಿ ವಿದ್ಯಾರ್ಥಿಗಳು ಮಾಡುವ ಮೊದಲ ತಪ್ಪು.

ನಮ್ಮ ಇಬ್ಬರು ಪಾಲುದಾರರು ಬುದ್ಧಿವಂತರು. ಬಂಡವಾಳಕ್ಕೆ ವರ್ಷಕ್ಕೆ ಶೇಕಡಾ 10ರಂತೆ ಬಡ್ಡಿ ಕೊಡಬೇಕೆಂದೂ ಉಳಿದ ಲಾಭವನ್ನು ಸಮನಾಗಿ ಹಂಚಬೇಕೆಂದೂ ಅವರು ಮೊದಲೇ ಬರೆದುಕೊಂಡಿದ್ದರು. ರಾಯಚೂರಿನವರ ಬಡ್ಡಿ 60,000 ರೂಪಾಯಿ. ದೇವದುರ್ಗದವರದು 40,000 ರೂಪಾಯಿ. 2,60,000ದಲ್ಲಿ ಈ 1,00,000 ಕಳೆದರೆ ಉಳಿಯುವುದು 1,60,000, ತಲಾ 80,000. ಕೊನೆಗೆ ರಾಯಚೂರಿನವರಿಗೆ 1,40,000, ದೇವದುರ್ಗದವರಿಗೆ 1,20,000 ರೂಪಾಯಿ ಸಿಕ್ಕಿತು. ಹೆಚ್ಚು ಹಣಕ್ಕೆ ಬಡ್ಡಿಯ ರೂಪದಲ್ಲಿ ಬೆಲೆ ಬಂದಿತು; ಬಂಡವಾಳ ಕಡಿಮೆಯಾದರೂ ಉಳಿದ ಲಾಭದಲ್ಲಿ ಸಮಪಾಲು ಪಡೆದುದರಿಂದ ದುಡಿಮೆಗೂ ಬೆಲೆ ಬಂದಿತು.

ಎರಡನೆಯ ವರ್ಷ ಮಳೆ ಕೈಕೊಟ್ಟಿತು. ಲಾಭ ಕೇವಲ 50,000 ರೂಪಾಯಿ. ಕೊಡಬೇಕಾದ ಬಡ್ಡಿಯೋ 1,00,000. ಹಾಗಾದರೆ ಕೊರತೆಯನ್ನು ನಷ್ಟವೆಂದು ಬರೆದು ಪೂರ್ಣ ಬಡ್ಡಿಯನ್ನು ಕೊಡಬೇಕೇ? ಕೂಡದು. ಬಂಡವಾಳದ ಬಡ್ಡಿಯು ಲಾಭದಿಂದ ಮಾತ್ರ ಸಲ್ಲತಕ್ಕದ್ದೆಂಬುದು ಅದೇ ಅಧಿನಿಯಮದ ಮಾತು. ಅದು ಅಂಗಡಿಯ ಬಾಡಿಗೆಯಂತಹ ಖರ್ಚಲ್ಲ. ಲಾಭವನ್ನು ಹಂಚುವ ಒಂದು ವಿಧಾನ. ಆದುದರಿಂದ ಇರುವ 50,000 ರೂಪಾಯಿಗಳನ್ನೇ ಬಡ್ಡಿಯ ಪ್ರಮಾಣವಾದ 3:2ರಲ್ಲಿ ಹಂಚಲಾಯಿತು. ರಾಯಚೂರಿನವರಿಗೆ 30,000, ದೇವದುರ್ಗದವರಿಗೆ 20,000 ಬಂದಿತು. ನಷ್ಟವೇ ಆಗಿದ್ದರೆ ಬಡ್ಡಿಯ ಮಾತೇ ಇರುತ್ತಿರಲಿಲ್ಲ. ನಷ್ಟವನ್ನು ಸಮನಾಗಿ ಹೊರಬೇಕಾಗುತ್ತಿತ್ತು.

ಮೂರನೆಯ ವರ್ಷ 2,90,000 ರೂಪಾಯಿ ಲಾಭ ಬಂದಿತು. ಪ್ರತಿವರ್ಷವೂ ತಮ್ಮ ಪಾಲನ್ನು ಇಬ್ಬರೂ ತೆಗೆದುಕೊಂಡುದರಿಂದ ಬಂಡವಾಳ ಮೊದಲಿನಷ್ಟೇ ಉಳಿಯಿತು. ಆಗ ಮಾನ್ವಿಯವರೊಬ್ಬರು ಭತ್ತದ ವ್ಯಾಪಾರವನ್ನೂ ತರುವೆನೆಂದು ಹೇಳಿ, ಲಾಭದ ಐದನೆಯ ಒಂದು ಪಾಲಿಗೆ ಸೇರಲು ಬಯಸಿದರು. ಬೇರೆ ಒಪ್ಪಂದವಿಲ್ಲದಿದ್ದಲ್ಲಿ ಹಳೆಯ ಪಾಲುದಾರರೆಲ್ಲರ ಒಪ್ಪಿಗೆಯಿಲ್ಲದೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಇಲ್ಲಿ ಇಬ್ಬರೂ ಒಪ್ಪಿದರು.

ಮೊದಲು ಪಾಲುಗಳನ್ನು ಗೊತ್ತುಮಾಡಬೇಕು. ಹಳಬರ ಅರ್ಧರ್ಧವನ್ನು ಹಾಗೆಯೇ ಬಿಟ್ಟು ಹೊಸಬರಿಗೆ 1/5 ಕೊಟ್ಟರೆ ಮೊತ್ತವು ಒಂದನ್ನು ಮೀರುತ್ತದೆ. ಹೊಸಬರ ಪಾಲು ಹಳಬರ ಪಾಲಿನಿಂದಲೇ ಬರಬೇಕು. ಉಳಿದ 4/5 ಭಾಗದಲ್ಲಿ ಅರ್ಧವೆಂದರೆ 2/5. ಹೊಸ ಪ್ರಮಾಣ 2:2:1. ಅರ್ಧದಲ್ಲಿ 2/5 ಕಳೆದರೆ 1/10. ಹಳಬರಲ್ಲಿ ಒಬ್ಬೊಬ್ಬರೂ ಮಾಡಿದ ತ್ಯಾಗ ಇಷ್ಟು.

ಈ ತ್ಯಾಗ ಉಚಿತವಾಗಿರಬೇಕಾಗಿಲ್ಲ. ಮೂರು ವರ್ಷ ದುಡಿದು ರೈತರ ನಂಬಿಕೆಯನ್ನು ಗಳಿಸಿದವರು ಹಳಬರು. ಆ ನಂಬಿಕೆಯಿಂದ ಮುಂದೆ ಬರುವ ಲಾಭದಲ್ಲಿ ಮಾನ್ವಿಯವರು ಪಾಲು ಪಡೆಯುತ್ತಾರೆ. ಅಂಗಡಿಯ ಹೆಸರಿಗಿರುವ ಈ ಬೆಲೆಯನ್ನು ಕೀರ್ತಿಮೌಲ್ಯ ಎನ್ನುವರು. ವ್ಯಾಪಾರಿಗಳು ಗುಡ್‌ವಿಲ್ ಎಂದು ಕರೆಯುವುದೂ ಇದನ್ನೇ. ಮೂರು ವರ್ಷಗಳ ಸರಾಸರಿ ಲಾಭದ ಎರಡರಷ್ಟನ್ನು ಕೀರ್ತಿಮೌಲ್ಯವೆಂದು ಮೂವರೂ ಒಪ್ಪಿದರು. ಮೂರು ವರ್ಷಗಳ ಲಾಭದ ಮೊತ್ತ 6,00,000, ಸರಾಸರಿ 2,00,000, ಅದರ ಎರಡರಷ್ಟು 4,00,000. ಇದರ ಐದನೆಯ ಒಂದು ಭಾಗವಾದ 80,000 ರೂಪಾಯಿಗಳನ್ನು ಮಾನ್ವಿಯವರು ತಂದರು. ತ್ಯಾಗ ಸಮನಾಗಿರುವುದರಿಂದ ಹಳಬರಿಗೆ ತಲಾ 40,000 ರೂಪಾಯಿ ಸಂದಿತು.

ಇನ್ನೊಂದು ಕೆಲಸ ಉಳಿದಿತ್ತು. ಪುಸ್ತಕದಲ್ಲಿ 5,00,000 ರೂಪಾಯಿ ಎಂದಿದ್ದ ಗೋದಾಮಿನ ಈಗಿನ ಬೆಲೆ 6,00,000. ಬರಬೇಕಾದ ಬಾಕಿಯಲ್ಲಿ 40,000 ರೂಪಾಯಿ ವಸೂಲಾಗುವಂತಿರಲಿಲ್ಲ. ಏರಿಕೆ 1,00,000, ಇಳಿಕೆ 40,000; ನಿವ್ವಳ ಹೆಚ್ಚಳ 60,000. ಇದು ಹಳೆಯ ವರ್ಷಗಳದಾದುದರಿಂದ ಹಳೆಯ ಪ್ರಮಾಣದಲ್ಲಿಯೇ, ಎಂದರೆ ತಲಾ 30,000 ರೂಪಾಯಿಯಂತೆ, ಹಳಬರ ಬಂಡವಾಳಕ್ಕೆ ಸೇರಬೇಕು. ಇದನ್ನು ಮರೆತರೆ ಮುಂದೆ ಈ ಹೆಚ್ಚಳವು ಲಾಭವಾಗಿ ಕೈಸೇರಿದಾಗ, ತಮ್ಮದಲ್ಲದ 12,000 ರೂಪಾಯಿ ಮಾನ್ವಿಯವರ ಪಾಲಾಗುತ್ತದೆ.

ಮಾನ್ವಿಯವರು ಬಂಡವಾಳವಾಗಿ 3,00,000 ರೂಪಾಯಿ ಹಾಕಿದರು. ಹಳಬರು ಕೀರ್ತಿಮೌಲ್ಯದ ಹಣವನ್ನು ಅಂಗಡಿಯಲ್ಲಿಯೇ ಬಿಟ್ಟರು. ಈಗ ರಾಯಚೂರಿನವರ ಬಂಡವಾಳ 6,70,000, ದೇವದುರ್ಗದವರದು 4,70,000, ಮಾನ್ವಿಯವರದು 3,00,000, ಒಟ್ಟು 14,40,000. ಲೆಕ್ಕ ಸರಿಯೇ ಎಂದು ಇನ್ನೊಂದು ದಾರಿಯಿಂದ ನೋಡೋಣ. ಹಳೆಯ ಬಂಡವಾಳ 10,00,000, ಬೆಲೆಯ ಹೆಚ್ಚಳ 60,000, ಹೊಸಬರು ತಂದ ಹಣ 3,80,000. ಕೂಡಿದರೆ ಅದೇ 14,40,000. ಎರಡು ಮೊತ್ತಗಳು ಹೊಂದದಿದ್ದರೆ ಎಲ್ಲಿಯೋ ತಪ್ಪಿದೆ ಎಂದು ತಿಳಿಯಬೇಕು.

ಮಾನ್ವಿಯವರು ವರ್ಷದ ಮೊದಲ ದಿನವಾದ ಏಪ್ರಿಲ್ 1ರಂದು ಸೇರಿದುದರಿಂದ ಲೆಕ್ಕ ಸುಲಭವಾಯಿತು. ಅಕ್ಟೋಬರ್ 1ರಂದು ಸೇರಿದ್ದರೆ ಅವರಿಗೆ ಆ ವರ್ಷ ಆರು ತಿಂಗಳ ಬಡ್ಡಿ, ಎಂದರೆ 15,000 ರೂಪಾಯಿ ಮಾತ್ರ. ಲಾಭವನ್ನೂ ತಿಂಗಳ ಲೆಕ್ಕದಲ್ಲಿ ಅರ್ಧರ್ಧ ಮಾಡಿದರೆ ಸಾಕೆನ್ನಿಸಬಹುದು. ಆದರೆ ಹತ್ತಿಯ ಸುಗ್ಗಿ ಬರುವುದು ವರ್ಷದ ಉತ್ತರಾರ್ಧದಲ್ಲಿ. ಲಾಭ ಎಲ್ಲ ತಿಂಗಳೂ ಒಂದೇ ಸಮನಾಗಿ ಬರುವುದಿಲ್ಲ. ಅಂತಹ ಅಂಗಡಿಯಲ್ಲಿ ಹೊಸಬರು ಸೇರಿದ ದಿನಕ್ಕೆ ಲೆಕ್ಕವನ್ನು ಮುಗಿಸಿ, ಅಲ್ಲಿಯವರೆಗಿನ ಲಾಭವನ್ನು ಹಳಬರಿಗೆ ಹಂಚಿ, ಮುಂದಿನದನ್ನು ಬೇರೆಯಾಗಿ ಬರೆಯುವುದೇ ನ್ಯಾಯವಾದ ಕ್ರಮ.

ಅಭ್ಯಾಸ

1. ಒಪ್ಪಂದಪತ್ರವಿಲ್ಲದ ಪಾಲುದಾರಿಕೆಯಲ್ಲಿ ಲಾಭವನ್ನು ಹೇಗೆ ಹಂಚಬೇಕು?

2. ಎರಡನೆಯ ವರ್ಷದ ಲಾಭ 80,000 ರೂಪಾಯಿ ಆಗಿದ್ದರೆ ಇಬ್ಬರಿಗೂ ಎಷ್ಟೆಷ್ಟು ಸಲ್ಲುತ್ತಿತ್ತು? ಕಾರಣ ಕೊಡಿರಿ.

3. ನಾಲ್ಕನೆಯ ವರ್ಷದ ಲಾಭ 2,94,000 ರೂಪಾಯಿ. ಹೊಸ ಬಂಡವಾಳಗಳಿಗೆ ಶೇಕಡಾ 10ರಂತೆ ಬಡ್ಡಿ ಕೊಟ್ಟು, ಉಳಿದುದನ್ನು 2:2:1ರಲ್ಲಿ ಹಂಚಿರಿ. (ಉತ್ತರ: 1,27,000; 1,07,000; 60,000)