ಉದ್ರಿ ಮಾಲು ಬಂದಾಗ ಅಂಗಡಿಯ ಲೆಕ್ಕ ಹೇಗೆ ಸಮವಾಗಿರುತ್ತದೆ?

ತಾವರೆಕೆರೆಯಲ್ಲಿ ನಮ್ಮದೊಂದು ಚಿಕ್ಕ ಕಿರಾಣಿ ಅಂಗಡಿ ಇದೆ. ಮಾಲು ಶಿರಾದಿಂದ ಬರುತ್ತದೆ. ಪ್ರಥಮ ಪಿಯುಸಿಯಲ್ಲಿ ಲೆಕ್ಕಶಾಸ್ತ್ರದ ಸಮೀಕರಣ ಕಲಿತ ಹೊಸದರಲ್ಲಿ ಅಬ್ಬಾ ನನಗೆ, 'ಅಂಗಡಿಯಲ್ಲಿ ಒಟ್ಟು ಎಷ್ಟಿದೆ, ಎಣಿಸಿ ಹೇಳು' ಎಂದರು. ನಾನು ಎಣಿಸಿ 92,000 ರೂಪಾಯಿ ಎಂದೆ. ತಿಂಗಳ ಮೊದಲಲ್ಲಿ ಇದ್ದದ್ದು 80,000. ಅಬ್ಬಾಗೆ ಬಹಳ ಸಂತೋಷವಾಯಿತು. 12,000 ಲಾಭ ಬಂದಿದೆ, ಅದರಲ್ಲಿ 10,000 ತೆಗೆದು ತಂಪು ಪಾನೀಯಕ್ಕೆ ಹಳೆಯ ಫ್ರಿಜ್ ಒಂದನ್ನು ತರೋಣ ಎಂದರು. ಆ ರಾತ್ರಿ ತಂತಿಗೆ ಚುಚ್ಚಿದ್ದ ಚೀಟಿಗಳನ್ನು ನೋಡುವಾಗ ಸಗಟು ವ್ಯಾಪಾರಿಯ ಬಿಲ್ಲು ಸಿಕ್ಕಿತು. ಮೊತ್ತ ಸರಿಯಾಗಿ 12,000. ಹಣ ಕೊಟ್ಟಿರಲಿಲ್ಲ. ನಾನು ಮಾಲನ್ನು ಎಣಿಸಿದ್ದೆ, ಸಾಲವನ್ನು ಎಣಿಸಿರಲಿಲ್ಲ. (ಅರ್ಥವಾಗಲು ಸುಲಭವಾಗಲೆಂದು ಅಂಕಿಗಳನ್ನು ದುಂಡಾಗಿ ಬರೆದಿದ್ದೇನೆ.)

ಸಮೀಕರಣ ನಿಮಗೆಲ್ಲ ಗೊತ್ತು:

ಆಸ್ತಿಗಳು = ಹೊಣೆಗಾರಿಕೆಗಳು + ಬಂಡವಾಳ

ಎಡಗಡೆ ಅಂಗಡಿಯಲ್ಲಿ ಏನೇನಿದೆ ಎಂಬುದು. ಬಲಗಡೆ, ಅದರ ಮೇಲೆ ಯಾರ ಹಕ್ಕು ಎಷ್ಟು ಎಂಬುದು. ಸಾಲ ಕೊಟ್ಟವರ ಹಕ್ಕು ಹೊಣೆಗಾರಿಕೆ, ಮಾಲೀಕರ ಹಕ್ಕು ಬಂಡವಾಳ. ಎರಡೂ ಕಡೆ ಒಂದೇ ಅಂಗಡಿಯನ್ನು ಎರಡು ರೀತಿಯಲ್ಲಿ ನೋಡುತ್ತಿರುವುದರಿಂದ ಮೊತ್ತ ಬೇರೆಯಾಗಲು ಸಾಧ್ಯವಿಲ್ಲ.

ತಿಂಗಳ ಮೊದಲಲ್ಲಿ ನಗದು 20,000, ಮಾಲು 50,000, ರ‍್ಯಾಕು ಮತ್ತು ತಕ್ಕಡಿ 10,000 ಇತ್ತು. ಸಾಲ ಇರಲಿಲ್ಲ. ಆದ್ದರಿಂದ 80,000 = 0 + 80,000.

ಆಮೇಲೆ ಉದ್ರಿಯಲ್ಲಿ ಬಂದದ್ದು ಐದು ಮೂಟೆ ಅಕ್ಕಿ 6,500, ಮೂವತ್ತು ಕಿಲೋ ತೊಗರಿಬೇಳೆ 3,600, ಒಂದು ಬಾಕ್ಸ್ ಎಣ್ಣೆ 1,900. ಮಾಲು 62,000 ಆಯಿತು. ನಗದು ಒಂದು ರೂಪಾಯಿಯೂ ಕದಲಲಿಲ್ಲ. ಬಲಗಡೆ ವ್ಯಾಪಾರಿಗೆ ಕೊಡಬೇಕಾದ 12,000 ಹೊಸದಾಗಿ ಹುಟ್ಟಿತು:

92,000 = 12,000 + 80,000

ಬಂಡವಾಳ ಇದ್ದಲ್ಲೇ ಇದೆ, ನೋಡಿ. ಮಾಲು ಹೆಚ್ಚಿದ್ದು ನಿಜ, ಆದರೆ ಹೆಚ್ಚಿದಷ್ಟೂ ಬೇರೆಯವರ ಹಕ್ಕು. ಅಬ್ಬಾ ಮೊದಲು ಒಪ್ಪಲಿಲ್ಲ. 'ಪೈಸಾ ದಿಯಾಚ್ ನೈ, ಇನ್ನೂ ಏನೂ ಕೊಟ್ಟಿಲ್ಲ, ಕೊಟ್ಟಾಗ ಬರೆದರಾಯಿತು' ಎಂದರು. ನಮ್ಮ ಕಡೆ ಬಹಳ ಅಂಗಡಿಯವರು ಹೀಗೇ ಯೋಚಿಸುತ್ತಾರೆ ಎಂದು ನನಗನಿಸುತ್ತದೆ. ಆದರೆ ಕೊಡುವವರೆಗೆ ಬರೆಯದಿದ್ದರೆ ಸಾಲ ಬಂಡವಾಳದ ವೇಷ ಹಾಕಿಕೊಂಡು ಕುಳಿತಿರುತ್ತದೆ. ಫ್ರಿಜ್‌ಗೆ 10,000 ತೆಗೆದಿದ್ದರೆ ಗಲ್ಲಾದಲ್ಲಿ ಉಳಿಯುತ್ತಿದ್ದದ್ದು 10,000, ವ್ಯಾಪಾರಿ ಕೇಳುತ್ತಿದ್ದದ್ದು 12,000.

ಮುಂದಿನ ವಾರ ಮೂರು ವ್ಯವಹಾರ ನಡೆದವು. ಒಂದು ಮೂಟೆ ಅಕ್ಕಿ ನೆನೆದಿದ್ದರಿಂದ ವಾಪಸ್ ಕಳಿಸಿದೆವು. ಮಾಲು 1,300 ಇಳಿಯಿತು, ಸಾಲವೂ 1,300 ಇಳಿಯಿತು:

90,700 = 10,700 + 80,000

ಹತ್ತು ಕಿಲೋ ಬೇಳೆ ನಗದಿಗೆ ಮಾರಿದೆವು. ನಮಗೆ ಬಿದ್ದದ್ದು 1,200, ಮಾರಿದ್ದು 1,350ಕ್ಕೆ. ಮಾಲು 1,200 ಕಡಿಮೆಯಾಗಿ ನಗದು 1,350 ಹೆಚ್ಚಾಯಿತು. ಎಡಗಡೆ ಉಳಿದ 150 ಯಾರದು? ವ್ಯಾಪಾರಿಗೆ ಅದರಲ್ಲಿ ಪಾಲಿಲ್ಲ, ಅದು ಅಬ್ಬಾ ಅವರದು. ಬಂಡವಾಳ ಮೊದಲ ಬಾರಿಗೆ ಏರಿದ್ದು ಇಲ್ಲಿ, ಮಾಲು ತಂದ ದಿನ ಅಲ್ಲ:

90,850 = 10,700 + 80,150

ಕೊನೆಗೆ ವ್ಯಾಪಾರಿಗೆ 5,000 ಕೊಟ್ಟೆವು. ನಗದೂ ಸಾಲವೂ ಒಟ್ಟಿಗೆ ಇಳಿದವು:

85,850 = 5,700 + 80,150

ಸಾಲ ತೀರಿಸಿದರೆ ನಷ್ಟವಾಗುವುದಿಲ್ಲ, ಉದ್ರಿ ತಂದರೆ ಲಾಭವಾಗುವುದಿಲ್ಲ. ಎರಡರಲ್ಲೂ ಬಂಡವಾಳ ಅಲುಗುವುದೇ ಇಲ್ಲ.

ಒಂದು ವಿಷಯದಲ್ಲಿ ನಾನೂ ಮೋಸಹೋಗಿದ್ದೆ. ಎರಡೂ ಕಡೆ ಸಮ ಬಂದರೆ ಲೆಕ್ಕ ಸರಿ ಎಂದುಕೊಂಡಿದ್ದೆ. ಹಾಗಲ್ಲ. ಆ 5,000 ಕೊಟ್ಟದ್ದನ್ನು ಬರೆಯಲು ಮರೆತೇ ಬಿಟ್ಟಿದ್ದರೆ ಸಮೀಕರಣ 90,850ರಲ್ಲಿ ಸಮವಾಗಿಯೇ ನಿಂತಿರುತ್ತಿತ್ತು. 12,000ದ ಬಿಲ್ಲನ್ನು ಎರಡೂ ಕಡೆ 10,200 ಎಂದು ಬರೆದರೂ ಅಷ್ಟೇ. ಒಂದೇ ಕಡೆ ಬರೆದ ತಪ್ಪು ಮಾತ್ರ ಸಮೀಕರಣಕ್ಕೆ ಸಿಕ್ಕಿಬೀಳುತ್ತದೆ. ಉಳಿದದ್ದನ್ನು ಹಿಡಿಯಲು ಗಲ್ಲಾ ಎಣಿಸಬೇಕು, ಮಾಲು ಎಣಿಸಬೇಕು, ವ್ಯಾಪಾರಿಯ ಪುಸ್ತಕದಲ್ಲಿ ನಮ್ಮ ಬಾಕಿ ಎಷ್ಟಿದೆ ಎಂದು ತಾಳೆ ನೋಡಬೇಕು. ಮಾಲು ಎಣಿಸುವಾಗ ಮಾರುವ ಬೆಲೆ ಹಾಕಬಾರದು, ನಮಗೆ ಬಿದ್ದ ಬೆಲೆಯನ್ನೇ ಹಾಕಬೇಕು. ಇಲ್ಲದಿದ್ದರೆ ಮಾರದ ಬೇಳೆಯಿಂದಲೇ ಲಾಭ ಬಂದಂತೆ ಕಾಣುತ್ತದೆ.

ಈಗ ನಮ್ಮ ಅಂಗಡಿಯಲ್ಲಿ ಎರಡು ತಂತಿಗಳಿವೆ. ಒಂದರಲ್ಲಿ ಹಣ ಕೊಟ್ಟ ಬಿಲ್ಲುಗಳು, ಇನ್ನೊಂದರಲ್ಲಿ ಕೊಡಬೇಕಾದವು. ಎರಡನೆಯ ತಂತಿಯನ್ನು ಅಬ್ಬಾ ತಮ್ಮ ಕಣ್ಣೆದುರಿಗೇ, ತಕ್ಕಡಿಯ ಪಕ್ಕದಲ್ಲಿ ನೇತುಹಾಕಿದ್ದಾರೆ. ಫ್ರಿಜ್ ಇನ್ನೂ ಬಂದಿಲ್ಲ.