ಮುಂಗಡ ಹಣ ಬಂದಾಗ ಜಿಎಸ್‌ಟಿ ಯಾವಾಗ ಕಟ್ಟಬೇಕು?



ಬೇಲೂರು, ಹಳೇಬೀಡಿನ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಲ್ಲಿಗೆ ಬರುವ ಶಾಲಾ ಪ್ರವಾಸದ ತಂಡಗಳಿಗೆ ಊಟ ಮಾಡಿಕೊಡುವುದು ಸಂಘಗಳಿಗೆ ಒಳ್ಳೆಯ ಕೆಲಸ. ಅರಸೀಕೆರೆ ಕಡೆ ತೆಂಗಿನ ನಾರಿನ ಮ್ಯಾಟು, ಕೊಬ್ಬರಿ ಎಣ್ಣೆ ಮಾಡಿ ಮಾರಬಹುದು. ಎರಡರಲ್ಲೂ ಗಿರಾಕಿಗಳು ಮೊದಲು ಸ್ವಲ್ಪ ಮುಂಗಡ ಕೊಡುತ್ತಾರೆ. ಆ ಮುಂಗಡಕ್ಕೆ ಆಗಲೇ ತೆರಿಗೆ ಕಟ್ಟಬೇಕೋ, ಕೆಲಸ ಮುಗಿದ ಮೇಲೆ ಸಾಕೋ ಎಂಬುದು ಈ ಬಾರಿಯ ಪಾಠ. ಉತ್ತರ ಊಟಕ್ಕೆ ಒಂದು, ಮ್ಯಾಟಿಗೆ ಇನ್ನೊಂದು.

ಮೊದಲು: ನಮಗೆ ಇದು ಅನ್ವಯಿಸುತ್ತದೆಯೇ?

ಜಿಎಸ್‌ಟಿ ನೋಂದಣಿ ಇದ್ದವರಿಗೆ ಮಾತ್ರ ಈ ಪಾಠ. ಕರ್ನಾಟಕದೊಳಗೆ ಬರೀ ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷದ ವಹಿವಾಟು 40 ಲಕ್ಷ ದಾಟಿದರೆ ನೋಂದಣಿ ಬೇಕು. ಸೇವೆ ಕೊಡುವವರಿಗೆ, ಅಥವಾ ಸರಕು ಸೇವೆ ಎರಡನ್ನೂ ಮಾಡುವವರಿಗೆ 20 ಲಕ್ಷವೇ ಮಿತಿ. ಹತ್ತಾರು ಸದಸ್ಯರ ಒಂದು ಸಂಘ ಈ ಮಿತಿ ಮುಟ್ಟುವುದು ಅಪರೂಪ. ಆದರೆ ಹಲವು ಸಂಘಗಳು ಸೇರಿ ಒಕ್ಕೂಟದ ಹೆಸರಲ್ಲಿ, ಒಂದೇ ಪ್ಯಾನ್ ಸಂಖ್ಯೆಯಲ್ಲಿ ವ್ಯಾಪಾರ ಮಾಡಿದರೆ ಎಲ್ಲವೂ ಕೂಡಿ ಲೆಕ್ಕಕ್ಕೆ ಬರುತ್ತದೆ. ನೋಂದಣಿ ಇಲ್ಲದ ಸಂಘ ಗಿರಾಕಿಯಿಂದ ಜಿಎಸ್‌ಟಿ ಅಂತ ಒಂದು ರೂಪಾಯಿಯನ್ನೂ ವಸೂಲು ಮಾಡುವಂತಿಲ್ಲ.

ಸರಕಾದರೆ ಬಿಲ್ಲಿನ ದಿನ, ಸೇವೆಯಾದರೆ ಹಣ ಬಂದ ದಿನ

ತೆರಿಗೆ ಕಟ್ಟುವ ಹೊಣೆ ಯಾವ ದಿನ ಹುಟ್ಟುತ್ತದೆ ಎನ್ನುವುದಕ್ಕೆ ಕಾನೂನಿನಲ್ಲಿ ‘ಪೂರೈಕೆಯ ಸಮಯ’ ಎಂದು ಹೆಸರು. 2017ರ ಜುಲೈ 1ರಂದು ಜಿಎಸ್‌ಟಿ ಬಂದಾಗ ಸರಕಿನ ಮುಂಗಡಕ್ಕೂ ತೆರಿಗೆ ಕಟ್ಟಬೇಕಾಗಿತ್ತು. ಸಣ್ಣ ವ್ಯಾಪಾರಿಗಳಿಗೆ ಇದು ಬಹಳ ಕಷ್ಟವಾಯಿತು. 2017ರ ನವೆಂಬರ್ 15ರ 66ನೇ ಅಧಿಸೂಚನೆ ಸರಕಿನ ಮಟ್ಟಿಗೆ ಇದನ್ನು ತೆಗೆದುಹಾಕಿತು. ಈಗ ಮ್ಯಾಟಿಗೆ 10,000 ರೂಪಾಯಿ ಮುಂಗಡ ಬಂದರೆ ಆಗ ತೆರಿಗೆ ಇಲ್ಲ. ಮಾಲು ಕಳಿಸುವಾಗ ಬಿಲ್ಲು ಹಾಕುತ್ತೀರಲ್ಲ, ಆ ತಿಂಗಳ ಲೆಕ್ಕದಲ್ಲಿ ಪೂರ್ತಿ ತೆರಿಗೆ ಕಟ್ಟಿದರೆ ಸಾಕು. ಹಾಗಂತ ಮಾಲು ಕಳಿಸಿ ಬಿಲ್ಲು ಮುಂದೂಡುವಂತಿಲ್ಲ. ಮಾಲು ಹೊರಡುವ ಹೊತ್ತಿಗೆ ಬಿಲ್ಲು ಆಗಿರಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿ ಇರುವವರಿಗೆ ಈ ಅಧಿಸೂಚನೆ ಅನ್ವಯಿಸುವುದಿಲ್ಲ. ಅವರು ತಮ್ಮ ಲೆಕ್ಕಪರಿಶೋಧಕರನ್ನು ಕೇಳಿಕೊಳ್ಳಬೇಕು.

ಸೇವೆಗೆ ಮಾತ್ರ ಈ ರಿಯಾಯಿತಿ ಸಿಗಲಿಲ್ಲ. ಸೇವೆ ಕೊಟ್ಟ 30 ದಿನದೊಳಗೆ ಬಿಲ್ಲು ಹಾಕುವವರಿಗೆ, ಬಿಲ್ಲಿನ ದಿನ ಮತ್ತು ಹಣ ಬಂದ ದಿನ ಇವೆರಡರಲ್ಲಿ ಯಾವುದು ಮೊದಲೋ ಅದೇ ಪೂರೈಕೆಯ ಸಮಯ. ಹಣ ಬಂದ ದಿನ ಎಂದರೆ ನಮ್ಮ ಪುಸ್ತಕದಲ್ಲಿ ಬರೆದ ದಿನ ಅಥವಾ ಬ್ಯಾಂಕಿಗೆ ಜಮೆಯಾದ ದಿನ, ಇವುಗಳಲ್ಲಿ ಮೊದಲನೆಯದು. ಫೋನ್‌ಪೇಯಲ್ಲಿ ಬಂದ ಮುಂಗಡವನ್ನು ಮುಂದಿನ ತಿಂಗಳ ಸಭೆಯಲ್ಲಿ ಪುಸ್ತಕಕ್ಕೆ ಏರಿಸಿದರೂ ತಾರೀಕು ಬದಲಾಗುವುದಿಲ್ಲ.

ಊಟ ಮಾಡಿ ಬಡಿಸಿಕೊಡುವುದನ್ನು ಕಾನೂನು ಸೇವೆ ಎಂದೇ ನೋಡುತ್ತದೆ, ಅಕ್ಕಿ ಬೇಳೆ ನಮ್ಮದೇ ಆಗಿದ್ದರೂ ಸರಿಯೇ. ಹೊಲಿಗೆಯಲ್ಲಿ ಸ್ವಲ್ಪ ನೋಡಿಕೊಳ್ಳಬೇಕು. ಗಿರಾಕಿಯ ಬಟ್ಟೆಯನ್ನು ಹೊಲಿದುಕೊಟ್ಟರೆ ಅದು ಸೇವೆ. ನಾವೇ ಬಟ್ಟೆ ಕೊಂಡು ಸಮವಸ್ತ್ರ ಹೊಲಿದು ಶಾಲೆಗೆ ಮಾರಿದರೆ ಸರಕು.

ಒಂದು ಲೆಕ್ಕ ಮಾಡಿ ನೋಡೋಣ

ಹಳೇಬೀಡಿನ ಹತ್ತಿರ ನೋಂದಣಿ ಇರುವ ಒಂದು ಒಕ್ಕೂಟ ಇದೆ, ತಿಂಗಳು ತಿಂಗಳು ಲೆಕ್ಕ ಸಲ್ಲಿಸುತ್ತದೆ ಅಂತ ಇಟ್ಟುಕೊಳ್ಳೋಣ. ಫೆಬ್ರವರಿ 14ರಂದು ಬರುವ ಶಾಲಾ ತಂಡಕ್ಕೆ ಊಟ ಒಪ್ಪಿಕೊಂಡಿದೆ. ಊಟದ ಬೆಲೆ 80,000, ಶೇಕಡಾ 5ರಂತೆ ತೆರಿಗೆ 4,000, ಒಟ್ಟು 84,000 ರೂಪಾಯಿ. ಜನವರಿ 28ರಂದು ಶಾಲೆಯವರು 21,000 ಮುಂಗಡ ಹಾಕಿದರು.

ಈ 21,000ದಲ್ಲಿ ತೆರಿಗೆ ಎಷ್ಟು? 21,000ಕ್ಕೆ ಶೇಕಡಾ 5 ಅಂದರೆ 1,050 ಎಂದು ತಟ್ಟನೆ ಹೇಳಿಬಿಡುತ್ತೇವೆ. ಅದು ತಪ್ಪು, ಏಕೆಂದರೆ ಬಂದ ಹಣದೊಳಗೇ ತೆರಿಗೆ ಸೇರಿಕೊಂಡಿದೆ. ಅದನ್ನು ಹೀಗೆ ಬಿಡಿಸಬೇಕು:

21,000 × 5 ÷ 105 = 1,000

ಅಂದರೆ 20,000 ಊಟದ ಬೆಲೆ, 1,000 ತೆರಿಗೆ. ಇದರಲ್ಲಿ 500 ಕೇಂದ್ರಕ್ಕೆ, 500 ರಾಜ್ಯಕ್ಕೆ.

ಹಣ ಬಂದಾಗ ಒಕ್ಕೂಟ ‘ರಿಸೀಟ್ ವೋಚರ್’ ಅಂದರೆ ಮುಂಗಡದ ರಸೀದಿ ಕೊಡಬೇಕು. ಅದರಲ್ಲಿ ಒಕ್ಕೂಟದ ಹೆಸರು, ಜಿಎಸ್‌ಟಿ ಸಂಖ್ಯೆ, ರಸೀದಿಯ ಕ್ರಮಸಂಖ್ಯೆ, ತಾರೀಕು, ಶಾಲೆಯ ಹೆಸರು, ಯಾವ ಕೆಲಸಕ್ಕೆ, ಮುಂಗಡ ಎಷ್ಟು, ತೆರಿಗೆಯ ದರ ಮತ್ತು ಮೊತ್ತ ಇಷ್ಟಾದರೂ ಬರೆದು ಸಹಿ ಹಾಕಬೇಕು. ಇದು ಬಿಲ್ಲು ಅಲ್ಲ. ಬಿಲ್ಲು ಊಟದ ನಂತರ.

ಜನವರಿಯ ಲೆಕ್ಕದಲ್ಲಿ ಈ ಮುಂಗಡವನ್ನು GSTR-1ರ 11A ಕೋಷ್ಟಕದಲ್ಲಿ ತೋರಿಸಿ, 1,000 ತೆರಿಗೆಯನ್ನು GSTR-3B ಮೂಲಕ ಫೆಬ್ರವರಿ 20ರೊಳಗೆ ಕಟ್ಟಬೇಕು. ಫೆಬ್ರವರಿ 14ರಂದು ಊಟ ಬಡಿಸಿ 84,000ಕ್ಕೆ ಬಿಲ್ಲು ಕೊಟ್ಟಾಯಿತು. ಬಿಲ್ಲಿನಲ್ಲಿ ತೆರಿಗೆ 4,000 ಎಂದೇ ಇರುತ್ತದೆ. ಆದರೆ 1,000 ಆಗಲೇ ಕಟ್ಟಿದೆ. ಹಾಗಾಗಿ ಫೆಬ್ರವರಿಯ GSTR-1ರಲ್ಲಿ ಹಳೇ ಮುಂಗಡವನ್ನು 11B ಕೋಷ್ಟಕದಲ್ಲಿ ಕಳೆದು, ಉಳಿದ 3,000ವನ್ನು ಮಾರ್ಚ್ 20ರೊಳಗೆ ಕಟ್ಟಬೇಕು. ಬಾಕಿ 63,000 ಶಾಲೆಯಿಂದ ಏಪ್ರಿಲ್‌ನಲ್ಲಿ ಬಂದರೂ ಈ 3,000 ಕಾಯುವುದಿಲ್ಲ. ಬಿಲ್ಲಾದ ದಿನವೇ ಅದರ ಹೊಣೆ ಬಂದಾಗಿದೆ.

ಮುಂಗಡ ಮತ್ತು ಬಿಲ್ಲು ಎರಡೂ ಒಂದೇ ತಿಂಗಳಲ್ಲಿ ಆಗಿದ್ದರೆ 11A, 11B ಬೇಡ. ಬಿಲ್ಲನ್ನು ತೋರಿಸಿದರೆ ಸಾಕು.

ಎಲ್ಲಿ ಎಡವುತ್ತೇವೆ?

ಒಂದು, ಮುಂಗಡದ ತೆರಿಗೆಯನ್ನು ಮರೆತು 4,000ವನ್ನೂ ಫೆಬ್ರವರಿಯ ಲೆಕ್ಕದಲ್ಲೇ ಕಟ್ಟುವುದು. ಆಗ ಜನವರಿಯ 1,000ಕ್ಕೆ ವರ್ಷಕ್ಕೆ ಶೇಕಡಾ 18ರಂತೆ ಬಡ್ಡಿ ಬೀಳುತ್ತದೆ. 28 ದಿನಕ್ಕೆ ಸುಮಾರು 14 ರೂಪಾಯಿ. ಮೊತ್ತ ಚಿಕ್ಕದು. ಆದರೆ ಇಡೀ ಪ್ರವಾಸದ ಕಾಲದ ಮುಂಗಡಗಳು ಹೀಗೇ ಬಿಟ್ಟುಹೋಗಿ, ಎರಡು ವರ್ಷದ ಮೇಲೆ ನೋಟಿಸು ಬಂದರೆ ಚಿಕ್ಕದಾಗಿರುವುದಿಲ್ಲ. ಕಂಡುಹಿಡಿಯುವುದು ಸುಲಭ. ತಿಂಗಳ ಕೊನೆಗೆ ಪಾಸ್‌ಬುಕ್ಕಿನ ಜಮೆಗಳನ್ನು ಆ ತಿಂಗಳ ಬಿಲ್ಲುಗಳ ಪಕ್ಕದಲ್ಲಿ ಇಡಿ. ಬಿಲ್ಲಿಲ್ಲದ ಜಮೆ ಕಂಡರೆ ಅದು ಮುಂಗಡವೇ ಎಂದು ಕೇಳಿ.

ಎರಡು, ಮುಂಗಡದ ಪೂರ್ತಿ ಹಣದಲ್ಲಿ ದಿನಸಿ ತರುವುದು. ತೆರಿಗೆಯ 1,000 ನಮ್ಮದಲ್ಲ, ಅದನ್ನು ಖಾತೆಯಲ್ಲೇ ಬಿಡಬೇಕು.

ಮೂರು, ಪ್ರವಾಸ ರದ್ದಾಗುವುದು. ಬಿಲ್ಲು ಹಾಕಿರದಿದ್ದರೆ ಶಾಲೆಗೆ 21,000 ಹಿಂತಿರುಗಿಸಿ ‘ರಿಫಂಡ್ ವೋಚರ್’ ಬರೆಯಬೇಕು. ಇದಿಲ್ಲದೆ ಬರೀ ಕೈಗೆ ಹಣ ಕೊಟ್ಟರೆ ಆಧಾರ ಉಳಿಯುವುದಿಲ್ಲ. ಕಟ್ಟಿದ 1,000ವನ್ನು ಮುಂದಿನ ತೆರಿಗೆಯಲ್ಲಿ ಹೊಂದಿಸಿಕೊಳ್ಳಬಹುದು. ಹೊಂದಿಸಲು ಬೇರೆ ತೆರಿಗೆಯೇ ಇಲ್ಲದಿದ್ದರೆ RFD-01 ಅರ್ಜಿ ಹಾಕಿ ವಾಪಸು ಕೇಳಬಹುದು. 2020ರ ಏಪ್ರಿಲ್ 13ರ ಸುತ್ತೋಲೆ ಇದನ್ನು ಸ್ಪಷ್ಟಪಡಿಸಿದೆ.

ಕೊನೆಗೆ ಡಿಪಾಸಿಟ್ಟಿನ ಮಾತು. ಪಾತ್ರೆ ಬಾಡಿಗೆಗೆ ಕೊಡುವಾಗ ವಾಪಸು ಕೊಡುವ ಷರತ್ತಿನ ಮೇಲೆ ಇಟ್ಟುಕೊಂಡ ಹಣ ಮುಂಗಡವಲ್ಲ, ಅದಕ್ಕೆ ತೆರಿಗೆ ಇಲ್ಲ. ಅದೇ ಹಣವನ್ನು ಬಾಡಿಗೆಗೆ ಮುರಿದುಕೊಂಡರೆ ಆಗ ತೆರಿಗೆ ಬರುತ್ತದೆ. ಆದ್ದರಿಂದ ರಸೀದಿಯಲ್ಲಿ ‘ಮುಂಗಡ’ ಅಥವಾ ‘ಡಿಪಾಸಿಟ್’ ಎಂದು ಬಿಡಿಸಿ ಬರೆಯಿರಿ.

ಸಂಘದ ಸಭೆಯಲ್ಲಿ ಲೆಕ್ಕ ಮಾಡಿ

1. ಊಟಕ್ಕೆ 10,500 ಮುಂಗಡ ಬಂದಿದೆ. ದರ ಶೇಕಡಾ 5. ತೆರಿಗೆ ಎಷ್ಟು?
2. ಮ್ಯಾಟಿಗೆ ಮಾರ್ಚ್‌ನಲ್ಲಿ ಮುಂಗಡ ಬಂತು, ಮೇ ತಿಂಗಳಲ್ಲಿ ಮಾಲು ಕಳಿಸಿ ಬಿಲ್ಲು ಕೊಟ್ಟೆವು. ಯಾವ ತಿಂಗಳ ಲೆಕ್ಕದಲ್ಲಿ ತೆರಿಗೆ?

ಉತ್ತರ: 1. 500 ರೂಪಾಯಿ. 2. ಮೇ ತಿಂಗಳ ಲೆಕ್ಕದಲ್ಲಿ, ಜೂನ್ 20ರೊಳಗೆ.